ತಾತನ ಡೈರಿಯ 'ನವಿಲು' ಯಾರು?

ತಾತ ಮಂಡ್ಯದ ಹತ್ತಿರದ ನಮ್ಮೂರಲ್ಲಿ ಕಬ್ಬು ಬೆಳೆಯುತ್ತಿದ್ದರು. 1950ರ ದಶಕದ ಅವರ ಡೈರಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಅಕ್ಷರ ಓದೋದು ಕಷ್ಟವಲ್ಲ. ಅಡ್ಡಹೆಸರು, ಅರ್ಧಕ್ಕೇ ನಿಲ್ಲಿಸಿದ ಪದ, ಮನೆಯವರಿಗೂ ತಿಳಿಯದ ಗುಟ್ಟಿನ ಮಾತು, ಇವೇ ಕಷ್ಟ.

ಅದಕ್ಕೇ ತಾತ ಬರೆದದ್ದನ್ನು ಇದ್ದ ಹಾಗೇ ಟೈಪ್ ಮಾಡುತ್ತೇನೆ. ಅರ್ಥ ಬೇರೆ ಫೈಲಿನಲ್ಲಿ, ಪದಪಟ್ಟಿಯಲ್ಲಿ ಇರುತ್ತದೆ. ನಾಳೆ ಅರ್ಥ ಬದಲಾದರೆ ಪಟ್ಟಿಯ ಒಂದು ಸಾಲು ತಿದ್ದಿದರೆ ಸಾಕು, ಮೂಲ ಕೆಡುವುದಿಲ್ಲ. ಒಂದೊಂದು ಸಾಲಿನಲ್ಲೂ ಬರೆದ ರೂಪ, ನನ್ನ ಅರ್ಥ, ಅದು ಬಂದ ಎಲ್ಲಾ ತಾರೀಖು, ಆಧಾರ, ಕೊನೆಗೆ 'ಖಚಿತ', 'ಊಹೆ' ಅಥವಾ 'ಗೊತ್ತಿಲ್ಲ'.

ಒಂದೇ ಗುರುತಿಗೆ ಎರಡು ಅರ್ಥ ಇರಬಹುದು. 'ಆ.' ನೋಡಿ. '2 ರೂ. 6 ಆ.' ಅಂದರೆ ಆಣೆ. ಜೂನ್ ಕೊನೆಯಲ್ಲಿ ಪುಟದ ತಲೆಗೆ 'ಆ. ಹಿಡಿಯಿತು' ಅಂತಿದ್ದರೆ ಆರಿದ್ರಾ ಮಳೆ. ಹಾಗಾಗಿ ಪಟ್ಟಿಯಲ್ಲಿ ಎರಡು ಸಾಲು, ಪುಟದಲ್ಲಿ ಎಲ್ಲಿ ಬರುತ್ತದೆ ಅನ್ನೋದರ ಜೊತೆಗೆ. ತಾರೀಖಿಲ್ಲದ ಬಿಡಿ ಹಾಳೆಗೂ ಇಂಥ ಗುರುತು ನೆರವಾಗುತ್ತದೆ. 'ನ.ಪೈ.', ಅಂದರೆ ನಯಾ ಪೈಸೆ, ಕಂಡರೆ ಆ ಹಾಳೆ 1957ರ ಏಪ್ರಿಲ್‌ಗಿಂತ ಹಿಂದಿನದಲ್ಲ. ಬರೀ ಆಣೆ ಇದ್ದರೆ ಮಾತ್ರ ಏನೂ ಹೇಳಲಾಗದು. ಜನ ಆಮೇಲೂ ಆಣೆ ಲೆಕ್ಕ ಬಿಡಲಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು 'ನವಿಲು'. ಕಬ್ಬಿನ ದುಡ್ಡು ಬಂದ ಮೇಲೆಲ್ಲಾ 'ನವಿಲಿಗೆ 10 ರೂ.' ಅಂತ ಬರುತ್ತಿತ್ತು. ಎತ್ತೋ, ಸಾಲ ಕೊಟ್ಟವರೋ, ಮನುಷ್ಯರೋ? ನವಿಲು ಇರುವ ಸಾಲುಗಳನ್ನೆಲ್ಲ ಒಟ್ಟಿಗೆ ಇಟ್ಟು ಒಂದೊಂದು ಊಹೆಯನ್ನೂ ಎಲ್ಲದಕ್ಕೂ ಹಾಕಿ ನೋಡಿದೆ. ಒಂದು ಸಾಲಿಗೆ ಕೂತು ಇನ್ನೊಂದಕ್ಕೆ ಕೂರದಿದ್ದರೆ ಆ ಊಹೆ ಬಿಟ್ಟೆ. 'ನವಿಲು ಬಂತು' ಅಂತ ಒಂದು ಕಡೆ ಇತ್ತು. ಅಷ್ಟಕ್ಕೇ ಪ್ರಾಣಿ ಅನ್ನುವ ಹಾಗಿಲ್ಲ. ನಮ್ಮ ಕಡೆ ಮಕ್ಕಳನ್ನೂ, ಸಲಿಗೆಯಲ್ಲಿ ಹೆಣ್ಣುಮಕ್ಕಳನ್ನೂ 'ಬಂತು' ಅಂತೀವಲ್ವಾ? ಇನ್ನೊಂದು ವರ್ಷದ ಸಾಲು ಗಂಟು ಬಿಡಿಸಿತು: 'ನವಿಲು ಗೌರಿಗೆ ಬಂದಳು. ಬಾಗಿನ ಕೊಟ್ಟೆ.' ಗೌರಿ ಬಾಗಿನ ಹೋಗುವುದು ಮದುವೆಯಾದ ತವರಿನ ಹೆಣ್ಣುಮಗಳಿಗೆ. ತಾತನಿಗೆ ಆಗ ಮದುವೆಯಾದ ಮಗಳಿರಲಿಲ್ಲ. ಉಳಿದದ್ದು ತಂಗಿ.

ಆದರೂ 'ಊಹೆ' ಅಂತಲೇ ಬರೆದು ಅತ್ತೆಯ ಹತ್ತಿರ ಹೋದೆ. 'ನವಿಲು ಅಂದ್ರೆ ತಾತನ ತಂಗಿನಾ?' ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ವಯಸ್ಸಾದವರು ಸುಮ್ನೆ ಹೂಂ ಅಂದುಬಿಡುತ್ತಾರೆ. 'ಅತ್ತೆ, ನವಿಲು ಅಂತ ಯಾರನ್ನಾದ್ರೂ ಕರೀತಿದ್ರಾ?' ಅಂದೆ. 'ನಮ್ ಸಣ್ಣತ್ತೇನ ಅಪ್ಪ ಹಂಗೇ ಕರೀತಿದ್ರು ಕಣೋ. ಅವಳ ಮದ್ವೆ ಮನೇಲಿ ಯಾರ್ಗೂ ಇಷ್ಟ ಇರ್ಲಿಲ್ಲ' ಅಂದರು. ದುಡ್ಡು ಗುಟ್ಟಾಗಿ ಹೋಗುತ್ತಿದ್ದದ್ದು ಯಾಕೆ ಅಂತಲೂ ಆಗ ತಿಳಿಯಿತು. ಆಧಾರದಲ್ಲಿ ಬಾಗಿನದ ಸಾಲು, ಅತ್ತೆಯ ಮಾತು ಎರಡನ್ನೂ ಬೇರೆ ಬೇರೆ ಬರೆದು 'ಖಚಿತ' ಹಾಕಿದೆ.

ಆ ಅಜ್ಜಿಯ ಮಕ್ಕಳು ಈಗಲೂ ಇದ್ದಾರೆ. ಅವರು ಒಪ್ಪುವವರೆಗೆ ನೆಂಟರಿಗೆ ಕೊಡುವ ಪ್ರತಿಯ ಪಟ್ಟಿಯಲ್ಲಿ ನವಿಲಿನ ಎದುರು 'ಮನೆಯವರು' ಅಂತಷ್ಟೇ ಇರುತ್ತದೆ.