ಒಂದು ಕೆಜಿ ಹೈಡ್ರೋಜನ್‌ಗೆ ಎಷ್ಟು ಯೂನಿಟ್ ಕರೆಂಟ್? ನಮ್ಮ ಮೀಟರ್ ಹೇಳಿದ ಲೆಕ್ಕ

ನಮ್ಮದು ಸ್ಟೇನ್‌ಲೆಸ್ ಸ್ಟೀಲ್‌ನ ಸಣ್ಣ ಟ್ಯೂಬ್‌ಗಳನ್ನ ಬ್ರೈಟ್ ಅನೀಲಿಂಗ್, ಅಂದ್ರೆ ಹೊಳಪು ಹೋಗದ ಹಾಗೆ ಕಾಯಿಸಿ ಮೆತ್ತಗೆ ಮಾಡೋ ಯೂನಿಟ್, ಫರ್ನೇಸ್ ಒಳಗೆ ಹೈಡ್ರೋಜನ್ ಇಲ್ಲ ಅಂದ್ರೆ ಟ್ಯೂಬ್ ಕಪ್ಪಗಾಗುತ್ತೆ ಅಷ್ಟೇ. ದಿನಕ್ಕೆ ಸುಮಾರು ಏಳೂವರೆ ಕೆಜಿ ಬೇಕು. ಮೊದಲು ಸಿಲಿಂಡರ್ ತರಿಸ್ತಿದ್ವಿ, ಒಂದರಲ್ಲಿ ಇರೋದೇ 0.6 ಕೆಜಿ, ಅದರಲ್ಲೂ ತಳದಲ್ಲಿ ಸ್ವಲ್ಪ ಪ್ರೆಶರ್ ಉಳಿಸಿ ವಾಪಸ್ ಕೊಡಬೇಕು. ₹780ರ ಸಿಲಿಂಡರ್ ಅಂದ್ರೆ ನಿಜವಾಗಿ ಬಳಸಿದ ಕೆಜಿಗೆ ಹತ್ತಿರ ಹತ್ತಿರ ₹1,440 ಬೀಳ್ತಿತ್ತು. ಅದಕ್ಕೇ ಗಂಟೆಗೆ 10 ಘನ ಮೀಟರ್ ಕೊಡೋ ಒಂದು ಆಲ್ಕಲೈನ್ ಎಲೆಕ್ಟ್ರೊಲೈಸರ್, ಅಂದ್ರೆ ಕರೆಂಟ್ ಹರಿಸಿ ನೀರಿನಿಂದ ಹೈಡ್ರೋಜನ್ ಬಿಡಿಸೋ ಮಷಿನ್ ಹಾಕಿಸಿದ್ವಿ. ಮೇಂಟೆನೆನ್ಸ್ ನೋಡ್ಕೊಳೋನು ನಾನೇ ಆಗಿದ್ರಿಂದ ಕರೆಂಟ್ ಲೆಕ್ಕನೂ ನನ್ನ ತಲೆಗೇ ಬಂತು.

ಬ್ರೋಷರ್‌ನಲ್ಲಿ ಒಂದು ಘನ ಮೀಟರ್‌ಗೆ 4.5 ಯೂನಿಟ್ ಅಂತಿತ್ತು. ಒಂದು ಕೆಜಿ ಅಂದ್ರೆ 11.1 ಘನ ಮೀಟರ್, ಅಲ್ಲಿಗೆ 50 ಯೂನಿಟ್. ನಾನೂ ಅದನ್ನೇ ನಂಬಿ ಓನರ್‌ಗೆ "ಯೂನಿಟ್‌ಗೆ 8 ರೂಪಾಯಿ ಹಿಡಿದ್ರೂ ಕೆಜಿಗೆ 400 ರೂಪಾಯಿ ಸಾರ್" ಅಂತ ಹೇಳಿಬಿಟ್ಟಿದ್ದೆ.

ಈ 50 ಎಲ್ಲಿಂದ ಬರುತ್ತೆ ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ಒಂದು ಕೆಜಿ ಹೈಡ್ರೋಜನ್ ಬಿಡಿಸೋಕೆ ಒಂದು ಸೆಲ್ ಮೂಲಕ 26,590 ಆಂಪಿಯರ್-ಅವರ್ ಹರೀಬೇಕು, ಇದು ಫ್ಯಾರಡೆ ನಿಯಮ, ಯಾವ ಕಂಪನಿ ಮಷಿನ್ ಆದ್ರೂ ಇದಕ್ಕಿಂತ ಕಮ್ಮಿಲಿ ಆಗಲ್ಲ. ಹಾಗಾಗಿ ಕೆಜಿಗೆ ಬೇಕಾದ ಯೂನಿಟ್ ಅಂದ್ರೆ ಸೆಲ್ ವೋಲ್ಟೇಜ್ × 26.6, ಅಷ್ಟೇ. 1.48 ವೋಲ್ಟ್‌ಗೆ 39.4 ಯೂನಿಟ್, ಪುಸ್ತಕದಲ್ಲಿ ನೂರಕ್ಕೆ ನೂರು ಎಫಿಶಿಯೆನ್ಸಿ ಅನ್ನೋದು ಇದನ್ನೇ. ನಮ್ಮ ಸ್ಟ್ಯಾಕ್‌ನಲ್ಲಿ 50 ಸೆಲ್ ಸಾಲಾಗಿವೆ, ಒಂದೇ ಕರೆಂಟ್ ಎಲ್ಲದರ ಮೂಲಕ ಹರಿಯುತ್ತೆ, ಫುಲ್ ಲೋಡಲ್ಲಿ 480 ಆಂಪಿಯರ್, 95 ವೋಲ್ಟ್. ಸೆಲ್‌ಗೆ 1.9 ಆಯ್ತು, 26.6ರಿಂದ ಗುಣಿಸಿದ್ರೆ 50.5. ಬ್ರೋಷರ್ ಸುಳ್ಳು ಹೇಳಿರಲಿಲ್ಲ, ಆದ್ರೆ ಅದು ಸ್ಟ್ಯಾಕ್‌ನ ಡಿಸಿ ಲೆಕ್ಕ ಮಾತ್ರ, ಬಿಲ್ ಬರೋದು ಎಸಿ ಮೀಟರ್‌ಗೆ ತಾನೇ.

ಇಡೀ ಪ್ಲಾಂಟ್‌ಗೆ ಬೇರೆ ಎನರ್ಜಿ ಮೀಟರ್ ಹಾಕಿಸಿ ಒಂದು ವಾರ ಬರೆದುಕೊಂಡೆ. ಗಂಟೆಗೆ 55 ಯೂನಿಟ್ ಎಳೀತಿತ್ತು, ಗ್ಯಾಸ್ ಮೀಟರ್ 10.7 ಘನ ಮೀಟರ್ ತೋರಿಸ್ತಿತ್ತು, ಒಂದು ಘನ ಮೀಟರ್‌ನ ತೂಕ 0.09 ಕೆಜಿಯಿಂದ ಗುಣಿಸಿದೆ, 0.96 ಕೆಜಿ, ಅಂದ್ರೆ ಕೆಜಿಗೆ 57 ಯೂನಿಟ್. ಪರವಾಗಿಲ್ವೇ ಅಂದ್ಕೊಂಡೆ. ಆಮೇಲೆ ಒಂದು ಸಂಜೆ ಸುಮ್ಮನೆ ಆಂಪಿಯರ್ ಕಡೆಯಿಂದ ಲೆಕ್ಕ ಹಾಕಿದ್ರೆ 480 × 50 ÷ 26,590, ಬರೋದು 0.90 ಕೆಜಿ! ಹರಿದ ಕರೆಂಟ್‌ಗಿಂತ ಜಾಸ್ತಿ ಗ್ಯಾಸ್ ಬರೋಕೆ ಸಾಧ್ಯವೇ ಇಲ್ಲ, ಅಂದ್ರೆ ಎಲ್ಲೋ ನಾನೇ ಎಡವಿದ್ದೀನಿ ಅಂತಾಯ್ತು. ಮೀಟರ್ ಸೆಟ್ಟಿಂಗ್ ತೆಗೆದು ನೋಡಿದ್ರೆ ಅದು 20 ಡಿಗ್ರಿ ಸೆಲ್ಸಿಯಸ್‌ನ ಘನ ಮೀಟರ್ ತೋರಿಸ್ತಿದೆ, ನಾನು ಗುಣಿಸ್ತಿದ್ದಿದ್ದು ಸೊನ್ನೆ ಡಿಗ್ರಿಯ ತೂಕದಿಂದ. ಅಲ್ಲಿಗೇ ಶೇ. 7 ವ್ಯತ್ಯಾಸ. ಯಾರಾದ್ರೂ ಕೆಜಿಗೆ ಇಷ್ಟು ಯೂನಿಟ್ ಅಂದ್ರೆ ನಾನು ಈಗ ಮೊದಲು ಕೇಳೋದೇ ಯಾವ ಡಿಗ್ರಿ ಘನ ಮೀಟರ್ ಅಂತ.

ಸರಿ, 0.90 ಹಿಡಿದ್ರೆ 61 ಯೂನಿಟ್. ಸ್ಟ್ಯಾಕ್‌ಗೆ 50.5 ಹೋದ್ರೆ ಮಿಕ್ಕಿದ್ದು ಎಲ್ಲಿ? ರೆಕ್ಟಿಫೈಯರ್ ಎಸಿನ ಡಿಸಿ ಮಾಡೋವಾಗ ಶೇ. 8ರಷ್ಟು ಬಿಸಿ ಮಾಡಿ ಕಳೀತಿತ್ತು, ಚಿಲ್ಲರ್, ಸೆಲ್‌ಗಳಿಗೆ ಕ್ಷಾರದ ದ್ರಾವಣ ತಿರುಗಿಸೋ ಲೈ ಪಂಪ್, ಗ್ಯಾಸ್ ಒಣಗಿಸೋ ಡ್ರೈಯರ್‌ನ ಹೀಟರ್ ಎಲ್ಲ ಸೇರಿ ಐದೂವರೆ ಕಿಲೋವ್ಯಾಟ್. ಇದರ ಮೇಲೆ ಡ್ರೈಯರ್‌ದು ಇನ್ನೊಂದು ಕಥೆ. ಅದರಲ್ಲಿ ಎರಡು ಟವರ್, ಒಂದು ಗ್ಯಾಸ್ ಒಣಗಿಸ್ತಿದ್ರೆ ಇನ್ನೊಂದನ್ನ ನಮ್ಮದೇ ಒಣ ಹೈಡ್ರೋಜನ್ ಬಿಟ್ಟು ಕಾಯಿಸಿ ಆ ಗ್ಯಾಸ್‌ನ ಚಾವಣಿ ಮೇಲಿನ ವೆಂಟ್‌ಗೆ ಬಿಡ್ತಾರೆ. ಗಂಟೆಗೆ 0.04 ಕೆಜಿ ಹೀಗೆ ಗಾಳಿಗೆ ಹೋಗ್ತಿತ್ತು. ಫರ್ನೇಸ್‌ಗೆ ತಲುಪಿದ ಕೆಜಿ ಲೆಕ್ಕ ಹಾಕಿದ್ರೆ 64.

ಇದು ಫುಲ್ ಲೋಡ್ ಮಾತು. ನಿಜವಾದ ಎಡವಟ್ಟು ಆಗಿದ್ದು ಆಮೇಲೆ. ಫರ್ನೇಸ್‌ಗೆ ಗಂಟೆಗೆ 0.32 ಕೆಜಿ ಸಾಕು, ಅದಕ್ಕೆ ಆಪರೇಟರ್ ಪ್ಲಾಂಟ್‌ನ 40 ಪರ್ಸೆಂಟ್‌ಗೆ ಇಟ್ಟು ದಿನವಿಡೀ ಓಡಿಸ್ತಿದ್ದ. ಕಮ್ಮಿ ಕರೆಂಟಲ್ಲಿ ಸೆಲ್ ವೋಲ್ಟೇಜ್ 1.75ಕ್ಕೆ ಇಳಿಯುತ್ತೆ, ಸ್ಟ್ಯಾಕ್ ಮಟ್ಟಿಗೆ 46.5 ಯೂನಿಟ್, ನೋಡೋಕೆ ಚೆನ್ನಾಗೇ ಇದೆ. ಆದ್ರೆ ಚಿಲ್ಲರ್, ಪಂಪ್, ವೆಂಟ್‌ಗೆ ಹೋಗೋ ಗ್ಯಾಸ್ ಇವೆಲ್ಲ ಹೆಚ್ಚುಕಮ್ಮಿ ಹಾಗೇ ಇರ್ತವೆ, ಅದೆಲ್ಲ ಕಾಲು ಚಿಲ್ಲರೆ ಕೆಜಿ ಮೇಲೆ ಬೀಳುತ್ತೆ. ಲೆಕ್ಕ ಹಾಕಿದ್ರೆ ಕೆಜಿಗೆ 74 ಯೂನಿಟ್! ಅದೂ ಅಲ್ಲದೆ ಲೋಡ್ ಇಳಿಸಿದಷ್ಟೂ ಆಕ್ಸಿಜನ್ ಕಡೆ ಹೈಡ್ರೋಜನ್ ಸೇರೋದು ಜಾಸ್ತಿ ಆಗುತ್ತೆ. ಶೇ. 4 ಮುಟ್ಟಿದ್ರೆ ಸಿಡಿಯೋ ಮಿಶ್ರಣ, ಅದಕ್ಕೆ ತುಂಬ ಮುಂಚೆನೇ ಅನಲೈಸರ್ ಅಲಾರಂ ಹೊಡೆದು ಟ್ರಿಪ್ ಮಾಡುತ್ತೆ, ತಿಂಗಳಿಗೆ ಎರಡು ಮೂರು ಸಲ ಆಗ್ತಿತ್ತು.

ಆಗ 5,000 ಲೀಟರ್ ಟ್ಯಾಂಕ್ ಹಾಕಿಸಿದ್ವಿ. ಎಲೆಕ್ಟ್ರೊಲೈಸರ್ ಹೇಗೂ 15 ಬಾರ್‌ನಲ್ಲೇ ಗ್ಯಾಸ್ ಕೊಡುತ್ತೆ, ಬೇರೆ ಕಂಪ್ರೆಸರ್ ಬೇಡ. ಟ್ಯಾಂಕ್ 15ರಿಂದ 3 ಬಾರ್‌ಗೆ ಇಳಿಯೋ ಹೊತ್ತಿಗೆ ಸುಮಾರು 4.9 ಕೆಜಿ ಸಿಗುತ್ತೆ, ಹದಿನೈದು ಗಂಟೆ ಫರ್ನೇಸ್ ಓಡುತ್ತೆ. ಈಗ ರಾತ್ರಿ 10ಕ್ಕೆ ಸ್ಟಾರ್ಟ್ ಮಾಡಿ ಒಂಬತ್ತು ಗಂಟೆ ಫುಲ್ ಲೋಡ್ ಓಡಿಸಿ ಬೆಳಗ್ಗೆ ನಿಲ್ಲಿಸ್ತೀವಿ. ರಾತ್ರಿ ರೇಟ್ ನಮಗೆ ಯೂನಿಟ್‌ಗೆ ಒಂದು ರೂಪಾಯಿ ಕಮ್ಮಿ, ಡಿಮ್ಯಾಂಡ್ ಚಾರ್ಜೂ ಏರಲಿಲ್ಲ. ತಣ್ಣಗಿರೋ ಸ್ಟ್ಯಾಕ್ ಬಿಸಿಯಾಗೋ ತನಕ ಸೆಲ್ ವೋಲ್ಟೇಜ್ 2.1 ಇರುತ್ತೆ, ಅದಕ್ಕೆ 64 ಸಿಗಲಿಲ್ಲ, ಸರಾಸರಿ 66ಕ್ಕೆ ನಿಂತಿದೆ. 66 × 7, ಕೆಜಿಗೆ ₹462 ಕರೆಂಟ್.

ಇಲ್ಲಿಗೆ ಮುಗೀತು ಅಂದ್ಕೊಂಡಿದ್ದೆ, ಅಕೌಂಟ್ಸ್ ಮೇಡಂ ಬಿಡಬೇಕಲ್ಲ. "ಮಷಿನ್ ಪುಕ್ಕಟೆ ಬಂತಾ?" ಅಂದ್ರು. ಟ್ಯಾಂಕ್, ಸಿವಿಲ್ ಕೆಲಸ, ಲೈಸೆನ್ಸ್ ಎಲ್ಲ ಸೇರಿ 80 ಲಕ್ಷ. ಹತ್ತು ವರ್ಷ, ಶೇ. 10 ಬಡ್ಡಿ ಹಿಡಿದ್ರೆ ವರ್ಷಕ್ಕೆ 13 ಲಕ್ಷ, ನಾವು ಮಾಡೋದು ವರ್ಷಕ್ಕೆ 2,280 ಕೆಜಿ, ಅಲ್ಲಿಗೆ ಕೆಜಿಗೆ ₹570. ಕರೆಂಟ್‌ಗಿಂತ ಜಾಸ್ತಿ! ರಿಪೇರಿ, ಸ್ಪೇರ್ ಅಂತ ₹105, ನೀರು ಮೂರು ರೂಪಾಯಿ (ನೀರು ತುಂಬ ಖರ್ಚು ಅಂತ ಎಲ್ಲರೂ ಹೇಳ್ತಾರೆ, ಕೆಜಿಗೆ ಒಳಗೆ ಹೋಗೋದೇ ಹತ್ತು ಲೀಟರ್ ಚಿಲ್ಲರೆ). ಒಟ್ಟು ₹1,140. ಸಿಲಿಂಡರ್‌ಗಿಂತ ₹300 ಉಳೀತಿದೆ, ಆದ್ರೆ ನಾನು ಮೊದಲು ಹೇಳಿದ 400 ಎಲ್ಲಿ, ಇದೆಲ್ಲಿ.

ಮನೆಗೆ ಬಂದಿದ್ದ ಚಿಕ್ಕಪ್ಪ "ಇದು ಗ್ರೀನ್ ಹೈಡ್ರೋಜನ್ನಾ?" ಅಂತ ಕೇಳಿದ್ರು. ಇಲ್ಲ ಚಿಕ್ಕಪ್ಪ ಅಂದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್, 66ರಿಂದ ಗುಣಿಸಿದ್ರೆ 46 ಕೆಜಿ. ನ್ಯಾಚುರಲ್ ಗ್ಯಾಸ್‌ನಿಂದ ಮಾಡಿದ್ರೆ 9-10 ಕೆಜಿ ಅಷ್ಟೇ, ಸರ್ಕಾರ ಗ್ರೀನ್ ಅನ್ನೋಕೆ ಇಟ್ಟಿರೋ ಮಿತಿ 2. ಸೋಲಾರ್ ಕರೆಂಟ್ ಹಗಲು ಮಾತ್ರ ಸಿಗೋದು, ಮಷಿನ್ ಗಂಟೆ ಕಮ್ಮಿ ಓಡಿದಷ್ಟೂ ಆ 13 ಲಕ್ಷನ ಕಮ್ಮಿ ಕೆಜಿ ಮೇಲೆ ಹಂಚಬೇಕು. ಗ್ರೀನ್ ಹೈಡ್ರೋಜನ್ ಕೆಜಿಗೆ ₹150 ಅಂತ ಯಾರಾದ್ರೂ ಅಂದಾಗ ನಾನು ಹಿಂದುಮುಂದಾಗಿ ಲೆಕ್ಕ ಹಾಕ್ತೀನಿ: ದೊಡ್ಡ ಪ್ಲಾಂಟ್‌ಗೆ 55 ಯೂನಿಟ್ ಸಾಕು ಅಂದ್ರೂ ಕರೆಂಟ್ 2 ರೂಪಾಯಿಗೆ ಸಿಕ್ಕಿದ್ರೆ ₹110 ಅಲ್ಲೇ ಹೋಯ್ತು, ಮಷಿನ್‌ಗೆ ಉಳಿಯೋದು ₹40.

ಈಗ ಪ್ಯಾನೆಲ್ ರೂಮಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೀನಿ, ವಾರಕ್ಕೊಂದು ಸಲ 480 ಆಂಪಿಯರ್, 80 ಡಿಗ್ರಿ ಇರೋವಾಗ ಸ್ಟ್ಯಾಕ್ ವೋಲ್ಟೇಜ್ ಬರೀತೀವಿ. ಎರಡು ವರ್ಷದಲ್ಲಿ 95 ಇದ್ದಿದ್ದು 98 ಆಗಿದೆ, ಅಂದ್ರೆ ಸ್ಟ್ಯಾಕ್ ಹಳೇದಾದ್ದಕ್ಕೇ ಕೆಜಿಗೆ 1.6 ಯೂನಿಟ್ ಜಾಸ್ತಿ.