ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕಾರವಾಯಿತೇ? ಪತ್ರವನ್ನು ಓದುವುದು ಹೀಗೆ

ಪತ್ರ ಕೈಗೆ ಬಂದ ಕೂಡಲೇ ಅದು ನಿಜಕ್ಕೂ ತಿರಸ್ಕಾರದ ಪತ್ರವೇ ಎಂದು ನೋಡಿ. ಆಸ್ಪತ್ರೆಯಲ್ಲಿರುವಾಗಲೇ ಬರುವ ‘ಕ್ಯಾಶ್‌ಲೆಸ್ ನಿರಾಕರಣೆ’ ಎಂದರೆ ಈಗ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವುದಿಲ್ಲ ಎಂದಷ್ಟೇ ಅರ್ಥ. ಬಿಲ್ ನೀವೇ ಕಟ್ಟಿ, ಆಮೇಲೆ ಮರುಪಾವತಿಗೆ ಅರ್ಜಿ ಹಾಕಬಹುದು. ‘ದಾಖಲೆ ಬಾರದ ಕಾರಣ ಕ್ಲೇಮ್ ಮುಚ್ಚಲಾಗಿದೆ’ ಎಂದಿದ್ದರೆ ಕೇಳಿದ ಕಾಗದ ಕೊಟ್ಟು ಮತ್ತೆ ತೆರೆಸಲು ಕೇಳಿ. ‘ರೆಪ್ಯುಡಿಯೇಟೆಡ್’, ಅಂದರೆ ತಿರಸ್ಕರಿಸಲಾಗಿದೆ, ಎಂದಿದ್ದರೆ ಮಾತ್ರ ಮುಂದಿನ ಹೋರಾಟ.

ಈಗ ಕಾರಣದ ಸಾಲು ಹುಡುಕಿ. ‘ಪಾಲಿಸಿಯ ನಿಯಮಗಳ ಪ್ರಕಾರ’ ಎಂಬ ಮಾತು ಕಾರಣವಲ್ಲ. ಯಾವ ನಿಯಮ ಎಂಬುದನ್ನು ಪತ್ರದಲ್ಲೇ ಹೇಳಬೇಕೆಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ತಿರಸ್ಕರಿಸುವಂತೆಯೂ ಇಲ್ಲ. ನಿಯಮದ ಸಂಖ್ಯೆ ಇಲ್ಲದಿದ್ದರೆ ಅದನ್ನೇ ಕೇಳಿ ಇಮೇಲ್ ಹಾಕಿ.

ಸಾಮಾನ್ಯವಾಗಿ ಅಲ್ಲಿ ಒಂದು ಕೋಡ್ ಇರುತ್ತದೆ. Excl01 ಎಂದರೆ ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ. Excl02 ಎಂದರೆ ಕಣ್ಣಿನ ಪೊರೆ, ಹರ್ನಿಯಾದಂಥ ಪಟ್ಟಿ ಮಾಡಿದ ಕಾಯಿಲೆಗಳಿಗಿರುವ ಕಾಯುವ ಅವಧಿ; ಅದು ಮುಗಿಯುವವರೆಗೆ ಆ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ. Excl04 ಎಂದರೆ ಬರೀ ತಪಾಸಣೆಗಾಗಿ ದಾಖಲಾಗಿದ್ದೀರಿ ಎಂಬ ಆಕ್ಷೇಪ. ಈ ಕೋಡ್ ಹಿಡಿದು ನಿಮ್ಮ ಪಾಲಿಸಿ ಪುಸ್ತಕ ತೆರೆದು, ಆ ಕಲಮನ್ನು ಪೂರ್ತಿ ಓದಿ. ಪತ್ರದಲ್ಲಿ ಅರ್ಧ ವಾಕ್ಯ ಮಾತ್ರ ಎತ್ತಿಕೊಂಡಿರುವುದು ಅಪರೂಪವೇನಲ್ಲ.

ಒಂದು ಉದಾಹರಣೆ ನೋಡೋಣ. ಪಾಲಿಸಿ ಶುರುವಾದದ್ದು 2022ರ ಮಾರ್ಚ್ 15ರಂದು. ಅಂದಿನಿಂದ ತಪ್ಪದೆ ನವೀಕರಣವಾಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು. 2024ರ ನವೆಂಬರ್ 20ರಂದು ಸಕ್ಕರೆ ಕಾಯಿಲೆಯಿಂದ ಕಾಲಿಗೆ ಸೋಂಕಾಗಿ ಆಸ್ಪತ್ರೆಗೆ ದಾಖಲು. ಪತ್ರದಲ್ಲಿರುವುದು Excl01. ಕಂಪನಿ ಹಿಡಿದದ್ದು ಡಿಸ್ಚಾರ್ಜ್ ಸಮ್ಮರಿಯ ಒಂದು ಸಾಲನ್ನು: ‘ಸಕ್ಕರೆ ಕಾಯಿಲೆ, 5 ವರ್ಷದಿಂದ’. ಹಾಗಿದ್ದರೆ ಕಾಯಿಲೆ 2019ರದ್ದಾಯಿತು, ಪಾಲಿಸಿಗಿಂತ ಹಳೆಯದು. ದಾಖಲಾಗುವ ಹೊತ್ತಿಗೆ ಪಾಲಿಸಿಗೆ ಆಗಿರುವುದು 32 ತಿಂಗಳು ಮಾತ್ರ. ಲೆಕ್ಕ ಕಂಪನಿಯ ಕಡೆಗೇ ಇದೆ.

ಆದರೆ ಆ ‘5 ವರ್ಷ’ ಎಲ್ಲಿಂದ ಬಂತು? ರಾತ್ರಿ ಪಾಳಿಯ ವೈದ್ಯರು ಜೊತೆಗಿದ್ದವರನ್ನು ಕೇಳಿ ಬರೆದುಕೊಂಡದ್ದಿರಬಹುದು. ಕಾಯಿಲೆ ಪತ್ತೆಯಾದದ್ದು ನಿಜಕ್ಕೂ 2023ರಲ್ಲಾದರೆ ಮೂರು ಕಾಗದ ಕೂಡಿಸಿ: ಆಗ ಸಕ್ಕರೆ ಕಾಯಿಲೆಗೆ ಬರೆದ ಮೊದಲ ಔಷಧ ಚೀಟಿ, ಪಾಲಿಸಿಗೆ ಮೊದಲಿನ ಯಾವುದಾದರೂ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿದ್ದ ವರದಿ, ಮತ್ತು ಚಿಕಿತ್ಸೆ ಕೊಟ್ಟ ವೈದ್ಯರು ತಮ್ಮ ನೋಂದಣಿ ಸಂಖ್ಯೆ, ಸೀಲು ಹಾಕಿ ಕೊಟ್ಟ ಸ್ಪಷ್ಟೀಕರಣ. ಡಿಸ್ಚಾರ್ಜ್ ಸಮ್ಮರಿಯನ್ನು ನೀವೇ ತಿದ್ದಲು ಹೋಗಬೇಡಿ. ಆಸ್ಪತ್ರೆಯ ಒಳಗಿನ ಕೇಸ್ ಶೀಟನ್ನು ಕಂಪನಿ ತರಿಸಿಕೊಳ್ಳುತ್ತದೆ. ಎರಡೂ ತಾಳೆಯಾಗದಿದ್ದರೆ ವಂಚನೆಯ ಆರೋಪವೂ ಸೇರಿಕೊಳ್ಳುತ್ತದೆ.

ಇದೇ ಪತ್ರದಲ್ಲಿ ‘ಮಾಹಿತಿ ಮುಚ್ಚಿಟ್ಟಿದ್ದೀರಿ’ ಎಂಬ ಇನ್ನೊಂದು ಸಾಲಿದ್ದರೆ ಅದು ಬೇರೆಯೇ ಆಕ್ಷೇಪ. ಅದಕ್ಕೆ ಪಾಲಿಸಿ ಕೊಳ್ಳುವಾಗ ನೀವು ಸಹಿ ಮಾಡಿದ ಪ್ರಪೋಸಲ್ ಫಾರ್ಮಿನ ಪ್ರತಿ ಬೇಕು. ಪಾಲಿಸಿ ಸತತ 60 ತಿಂಗಳು ದಾಟಿದ್ದರೆ, ವಂಚನೆಯನ್ನು ಸಾಬೀತು ಮಾಡದ ಹೊರತು ಈ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಬೇರೆ ಕಂಪನಿಯಿಂದ ಪೋರ್ಟ್ ಮಾಡಿದ್ದರೆ ಹಿಂದಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಪತ್ರ ಬರೆದವರು ಇದನ್ನು ಮರೆತಿರುವುದುಂಟು. ಆದರೆ ನಡುವೆ ವಿಮಾ ಮೊತ್ತ ಹೆಚ್ಚಿಸಿಕೊಂಡಿದ್ದರೆ, ಹೆಚ್ಚಿಸಿದ ಭಾಗಕ್ಕೆ ಎಣಿಕೆ ಹೊಸದಾಗಿ ಶುರು.

ಮೇಲ್ಮನವಿಯ ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಅವರ ಇಮೇಲ್ ಪಾಲಿಸಿ ಪುಸ್ತಕದಲ್ಲಿ ಇರುತ್ತದೆ. ಕಂಪನಿಯ ಪರವಾಗಿ ಕ್ಲೇಮ್ ಕಾಗದ ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆಯಾದ ಟಿಪಿಎಗೆ ಬರೆದು ಸುಮ್ಮನಾಗಬೇಡಿ, ಕ್ಲೇಮ್ ತೀರ್ಮಾನ ವಿಮಾ ಕಂಪನಿಯದು. ಕ್ಲೇಮ್ ಸಂಖ್ಯೆ, ತಿರಸ್ಕಾರದ ದಿನಾಂಕ, ಕೋಡ್, ಅದು ಏಕೆ ಅನ್ವಯಿಸುವುದಿಲ್ಲ ಎಂಬುದು, ಲಗತ್ತುಗಳ ಪಟ್ಟಿ: ಒಂದು ಪುಟ ಸಾಕು. ಸಿಟ್ಟನ್ನೆಲ್ಲ ಅದರಲ್ಲಿ ಬರೆದರೆ ಮುಖ್ಯ ಸಾಲು ಮುಚ್ಚಿಹೋಗುತ್ತದೆ. ಜೊತೆಗೆ bimabharosa.irdai.gov.in ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಅಲ್ಲಿ ಐಆರ್‌ಡಿಎಐ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೊಡಿಸುತ್ತದೆ.

ಕಂಪನಿ ಮತ್ತೆ ಇಲ್ಲ ಎಂದರೆ, ಅಥವಾ ಒಂದು ತಿಂಗಳು ಉತ್ತರವೇ ಬರದಿದ್ದರೆ, ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕರ್ನಾಟಕದವರಿಗೆ ಅದು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ; cioins.co.in ಮೂಲಕ ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡುವ ಅಧಿಕಾರವಿದೆ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಇಲ್ಲಿನ ತೀರ್ಪಿಗೆ ಕಂಪನಿ ಬದ್ಧ.

ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವಿದೆ. ಅಲ್ಲಿ ಪ್ರಕರಣ ನಡೆಯುತ್ತಿದ್ದರೆ ಅದೇ ವಿಷಯವನ್ನು ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಆದ್ದರಿಂದ ಮೇಲಿನಂಥ ದಾಖಲೆಯ ಜಗಳಕ್ಕೆ ಮೊದಲು ಓಂಬುಡ್ಸ್‌ಮನ್ ಬಾಗಿಲು ತಟ್ಟುವುದೇ ಮೇಲು.