ವಾರ್ನಿಂಗ್ ಲೆಟರ್ ಬಂದರೆ ಉತ್ತರ ಹೀಗೆ ಬರೆಯಿರಿ

ಕುಂಬಳೆಯಿಂದ ಕಾಸರಗೋಡಿಗೆ ಕೆಲಸಕ್ಕೆ ಹೋಗುವ ನನ್ನ ತಂಗಿಗೆ ವಾರ್ನಿಂಗ್ ಲೆಟರ್ ಬಂತು. ಜೂನ್ 3, 10, 17ರಂದು ತಡವಾಗಿ ಬಂದಿದ್ದೀರಿ ಅಂತ. ನಿಜವಾದದ್ದು 3ನೇ ತಾರೀಕು ಮಾತ್ರ.

ಲೆಟರ್ ಕೊಡುವಾಗಲೇ ಸಹಿ ಕೇಳಿದರು. "ಪತ್ರ ತಲುಪಿದೆ, ವಿಷಯ ಒಪ್ಪಿಲ್ಲ" ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿದಳು. ಬರೀ ಸಹಿ ಹಾಕಿದರೆ ಆಮೇಲೆ ಒಪ್ಪಿದ್ದಾರೆ ಅನ್ನಬಹುದು, ಅಲ್ವಾ?

ಉತ್ತರದಲ್ಲಿ ಮೊದಲು 3ರ ತಡವನ್ನು ಒಪ್ಪಿಕೊಂಡಳು. ಆಮೇಲೆ ಬರೆದದ್ದು ಇಷ್ಟು: "10ರಂದು 9.20ಕ್ಕೇ ಪಂಚ್ ಮಾಡಿದ್ದೇನೆ, ಪ್ರತಿ ಇಟ್ಟಿದ್ದೇನೆ. 17ರಂದು ಮ್ಯಾನೇಜರ್ ಹೇಳಿದಂತೆ ಮೊದಲು ಬ್ಯಾಂಕಿಗೆ ಹೋಗಿದ್ದೆ, ಚಲನ್ ಜೊತೆಗಿದೆ. ದಯವಿಟ್ಟು ಈ ಎರಡು ದಿನಗಳನ್ನು ಸರಿಪಡಿಸಿ. ಮುಂದೆ ಹೊರಗಿನ ಕೆಲಸವಿದ್ದರೆ ಮೊದಲೇ ಮೆಸೇಜ್ ಹಾಕುತ್ತೇನೆ." ಮೊದಲು "ಸುಳ್ಳು ಆರೋಪ" ಅಂತಲೂ ಬರೆದಿದ್ದಳು. ನಾನೇ ಹೊಡೆದು ಹಾಕಿಸಿದೆ. ಚಲನ್ ಇರುವಾಗ ಸಿಟ್ಟು ಯಾಕೆ?

ಲೆಟರಿನಲ್ಲಿ ಹೇಳಿದ ದಿನದೊಳಗೆ ಉತ್ತರ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಲೆಟರ್ ಮಲಯಾಳದಲ್ಲಿದ್ದರೆ, ಬಲ್ಲವರಿಂದ ಪೂರ್ತಿ ಓದಿಸಿಕೊಳ್ಳದೆ ಒಂದು ಸಾಲೂ ಬರೆಯಬೇಡಿ.